ಅಜ್ಜನ ಪಿಂಚಣಿ ನಿಜಕ್ಕೂ ಎಷ್ಟು ಹೆಚ್ಚಿತು? ಪರಿಷ್ಕರಣೆ ಆದೇಶವನ್ನು ಲೆಕ್ಕ ಹಾಕಿ ನೋಡೋಣ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಗಳಿಂದ ಬರುವ ನಿಮ್ಮಲ್ಲಿ ಹಲವರ ಮನೆಯಲ್ಲಿ ನಿವೃತ್ತ ಶಿಕ್ಷಕರೋ, ಪೊಲೀಸ್ ಸಿಬ್ಬಂದಿಯೋ, ಕಂದಾಯ ಇಲಾಖೆಯವರೋ, ಆಸ್ಪತ್ರೆಯಲ್ಲಿ ದುಡಿದವರೋ ಇರುತ್ತಾರೆ. ಕೆಲವು ಮನೆಗಳಲ್ಲಿ ತಾತ ಅಥವಾ ನಾನಾ ತೀರಿಕೊಂಡು, ಅಜ್ಜಿಗೆ ಅಥವಾ ನಾನಿಗೆ ಕುಟುಂಬ ಪಿಂಚಣಿ ಬರುತ್ತಿರುತ್ತದೆ. ಏಳನೇ ರಾಜ್ಯ ವೇತನ ಆಯೋಗದ ನಂತರ 'ಪಿಂಚಣಿ ಶೇ. 58.50 ಹೆಚ್ಚಾಯಿತು' ಎಂಬ ಮಾತು ಎಲ್ಲೆಡೆ ಹರಡಿತು. ಪಾಸ್‌ಬುಕ್ ತೆರೆದು ನೋಡಿದವರಿಗೆ ಅಷ್ಟು ಹೆಚ್ಚಳ ಕಾಣಲಿಲ್ಲ. ಕೆಲವರು ಬ್ಯಾಂಕಿನವರು ತಪ್ಪು ಮಾಡಿದ್ದಾರೆ ಎಂದುಕೊಂಡರು. ಇನ್ನು ಕೆಲವರು, ನಿಜವಾಗಿಯೂ ಕಡಿಮೆ ಜಮೆಯಾಗಿದ್ದರೂ, ಸರಿಯೇ ಇರಬೇಕು ಎಂದು ಸುಮ್ಮನಾದರು. ಈ ಎರಡರಲ್ಲಿ ಯಾವುದು ನಿಜ ಎಂದು ತಿಳಿಯಲು ಪ್ರಥಮ ಪಿಯುಸಿಗೆ ಬರುವ ಮೊದಲೇ ನೀವು ಕಲಿತಿರುವ ಶೇಕಡಾವಾರು ಲೆಕ್ಕ ಸಾಕು.

ಆದೇಶ ಹೇಳುವುದೇನು?

ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ ಏಳನೇ ರಾಜ್ಯ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. 2024ರ ಮಾರ್ಚ್‌ನಲ್ಲಿ ಅದು ವರದಿ ಸಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಶಿಫಾರಸುಗಳ ಜಾರಿಗೆ ಒಪ್ಪಿತು. ಬಳಿಕ ವೇತನಕ್ಕೂ ಪಿಂಚಣಿಗೂ ಆರ್ಥಿಕ ಇಲಾಖೆಯಿಂದ ಆದೇಶಗಳು ಹೊರಬಿದ್ದವು.

ಈ ಆದೇಶದಲ್ಲಿ ಎರಡು ದಿನಾಂಕಗಳನ್ನು ಬೇರೆ ಬೇರೆಯಾಗಿ ನೆನಪಿಡಬೇಕು. ಮೊದಲನೆಯದು 1-7-2022. ಹೊಸ ಪಿಂಚಣಿಯನ್ನು ಲೆಕ್ಕ ಹಾಕುವುದು ಈ ದಿನದಿಂದ. ಎರಡನೆಯದು 1-8-2024. ಹೊಸ ಲೆಕ್ಕದ ಹಣ ಕೈಗೆ ಬರುವುದು ಈ ದಿನದಿಂದ. ನಡುವಿನ 25 ತಿಂಗಳು ಪರಿಷ್ಕರಣೆ ಕಾಗದದ ಮೇಲೆ ಮಾತ್ರ ಇರುತ್ತದೆ. ಇದನ್ನೇ ಆಡಳಿತ ಭಾಷೆಯಲ್ಲಿ 'ಕಾಲ್ಪನಿಕ' ಪರಿಷ್ಕರಣೆ ಎನ್ನುತ್ತಾರೆ. ಆ ತಿಂಗಳುಗಳಿಗೆ ಬಾಕಿ ಹಣ ಸಿಗುವುದಿಲ್ಲ.

1-7-2022ಕ್ಕಿಂತ ಮೊದಲು ನಿವೃತ್ತರಾದವರಿಗೆ ಸೂತ್ರ ಸರಳವಾಗಿದೆ. 30-6-2022ರಂದು ಇದ್ದ ಮೂಲ ಪಿಂಚಣಿಗೆ ಎರಡು ಮೊತ್ತಗಳನ್ನು ಕೂಡಿಸಬೇಕು:

ಹೊಸ ಮೂಲ ಪಿಂಚಣಿ = ಹಳೆಯ ಮೂಲ ಪಿಂಚಣಿ + ಅದರ ಶೇ. 31 + ಅದರ ಶೇ. 27.50

ಶೇ. 31 ಎಂಬುದು 1-7-2022ರಂದು ಜಾರಿಯಲ್ಲಿದ್ದ ತುಟ್ಟಿಭತ್ಯೆಯ ದರ. ಅದನ್ನು ಮೂಲ ಪಿಂಚಣಿಯೊಳಗೆ ವಿಲೀನ ಮಾಡಲಾಗಿದೆ. ಶೇ. 27.50 ಎಂಬುದು ಫಿಟ್‌ಮೆಂಟ್, ಅಂದರೆ ಪರಿಷ್ಕರಣೆಯಿಂದ ಹೊಸದಾಗಿ ಸೇರುವ ಭಾಗ. ಎರಡೂ ಸೇರಿ ಶೇ. 58.50. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಶೇ. 31 ಪಿಂಚಣಿದಾರರಿಗೆ ಮೊದಲೇ ತುಟ್ಟಿಭತ್ಯೆಯ ರೂಪದಲ್ಲಿ ಬರುತ್ತಿತ್ತು. ಅದು ಒಂದು ಕಾಲಂನಿಂದ ಇನ್ನೊಂದು ಕಾಲಂಗೆ ಸರಿದಿದೆ, ಅಷ್ಟೇ. ಆದ್ದರಿಂದ 58.50ನ್ನು ಪೂರ್ತಿ ಹೆಚ್ಚಳ ಎಂದು ಓದುವುದೇ ಮೊದಲ ತಪ್ಪು.

ಮಾದರಿ ಲೆಕ್ಕ

ಚನ್ನರಾಯಪಟ್ಟಣ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕರು 31-5-2020ರಂದು ಪೂರ್ಣ ಸೇವೆ ಮುಗಿಸಿ ನಿವೃತ್ತರಾದರು ಎಂದು ಭಾವಿಸೋಣ. (ಇದು ಲೆಕ್ಕಕ್ಕಾಗಿ ಕಲ್ಪಿಸಿದ ಉದಾಹರಣೆ.) ಅವರ ಕೊನೆಯ ಮೂಲ ವೇತನ ರೂ. 46,400. ಮೂಲ ಪಿಂಚಣಿ ಅದರ ಅರ್ಧ, ಅಂದರೆ ರೂ. 23,200.

ಮೊದಲ ಹಂತದಲ್ಲಿ ಹೊಸ ಮೂಲ ಪಿಂಚಣಿ ಕಂಡುಹಿಡಿಯೋಣ.

ಹಳೆಯ ಮೂಲ ಪಿಂಚಣಿ: 23,200
ಅದರ ಶೇ. 31: 7,192
ಅದರ ಶೇ. 27.50: 6,380
ಹೊಸ ಮೂಲ ಪಿಂಚಣಿ: 36,772

ಎರಡನೇ ಹಂತದಲ್ಲಿ ಹೊಸ ತುಟ್ಟಿಭತ್ಯೆಯನ್ನು ಸೇರಿಸೋಣ. ಶೇ. 31 ಮೂಲದಲ್ಲಿ ಸೇರಿಹೋದ ಕಾರಣ ತುಟ್ಟಿಭತ್ಯೆಯ ಎಣಿಕೆ 1-7-2022ರಿಂದ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1-8-2024ಕ್ಕೆ ಪರಿಷ್ಕರಣೆ ಜಾರಿಯಾದಾಗ ನಿಗದಿಯಾದ ಹೊಸ ದರ ಶೇ. 8.50.

ಹೊಸ ಮೂಲ ಪಿಂಚಣಿ: 36,772
ತುಟ್ಟಿಭತ್ಯೆ ಶೇ. 8.50: 3,126
ಒಟ್ಟು: 39,898

(3,125.62ನ್ನು ರೂಪಾಯಿಗೆ ಪೂರ್ಣಾಂಕ ಮಾಡಿ 3,126 ಎಂದು ಬರೆದಿದೆ.)

ಮೂರನೇ ಹಂತದಲ್ಲಿ ಹಿಂದಿನ ತಿಂಗಳ, ಅಂದರೆ 2024ರ ಜುಲೈನ ಮೊತ್ತದೊಂದಿಗೆ ಇದನ್ನು ಹೋಲಿಸೋಣ. ಆಗ ಹಳೆಯ ಮೂಲ ಪಿಂಚಣಿಯ ಮೇಲೆ ಶೇ. 42.50 ತುಟ್ಟಿಭತ್ಯೆ ಇತ್ತು. ಜೊತೆಗೆ ಶೇ. 17 ಮಧ್ಯಂತರ ಪರಿಹಾರವೂ ಇತ್ತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದ ದಿನವೇ ಸರ್ಕಾರ ಈ ಮಧ್ಯಂತರ ಪರಿಹಾರ ಪ್ರಕಟಿಸಿತ್ತು. 2023ರ ಏಪ್ರಿಲ್‌ನಿಂದ ಅದು ಪಿಂಚಣಿದಾರರಿಗೂ ದೊರೆಯುತ್ತಿತ್ತು.

ಹಳೆಯ ಮೂಲ ಪಿಂಚಣಿ: 23,200
ತುಟ್ಟಿಭತ್ಯೆ ಶೇ. 42.50: 9,860
ಮಧ್ಯಂತರ ಪರಿಹಾರ ಶೇ. 17: 3,944
ಒಟ್ಟು: 37,004

ವ್ಯತ್ಯಾಸ: 39,898 − 37,004 = ರೂ. 2,894.

37,004ಕ್ಕೆ 2,894 ಎಂದರೆ ಸುಮಾರು ಶೇ. 7.8. ಪಾಸ್‌ಬುಕ್‌ನಲ್ಲಿ ಕಾಣಬೇಕಾದ ಹೆಚ್ಚಳ ಇದು. ಆದೇಶ ಬಂದಾಗ ಮಧ್ಯಂತರ ಪರಿಹಾರ ನಿಂತುಹೋಯಿತು, ಹಳೆಯ ದರದ ತುಟ್ಟಿಭತ್ಯೆಯೂ ನಿಂತುಹೋಯಿತು. ಇವೆರಡರ ಜಾಗಕ್ಕೆ ಹೊಸ ಮೂಲ ಪಿಂಚಣಿ ಮತ್ತು ಹೊಸ ತುಟ್ಟಿಭತ್ಯೆ ಬಂದವು. ಕಳೆದುಹೋದದ್ದನ್ನು ಕಳೆಯದೆ, ಬಂದದ್ದನ್ನು ಮಾತ್ರ ಲೆಕ್ಕ ಹಾಕಿದರೆ 58.50 ಎಂಬ ಭ್ರಮೆ ಹುಟ್ಟುತ್ತದೆ.

ಹಾಗಾದರೆ ಪರಿಷ್ಕರಣೆಯಿಂದ ಸಿಕ್ಕಿದ್ದು ಇಷ್ಟೇ ಏನು? ಅಲ್ಲ. ಮುಂದಿನ ತುಟ್ಟಿಭತ್ಯೆಯನ್ನು 23,200ರ ಮೇಲೆ ಲೆಕ್ಕ ಹಾಕುವುದಿಲ್ಲ, 36,772ರ ಮೇಲೆ ಹಾಕುತ್ತಾರೆ. ತುಟ್ಟಿಭತ್ಯೆ ಆಮೇಲೆ ಶೇ. 10.75ಕ್ಕೆ ಏರಿತು. 1-1-2025ರಿಂದ ಅದು ಶೇ. 12.25 ಆಯಿತು. ಆ ದರದಲ್ಲಿ ಇದೇ ಶಿಕ್ಷಕರಿಗೆ ತುಟ್ಟಿಭತ್ಯೆ ರೂ. 4,505, ಒಟ್ಟು ರೂ. 41,277 ಆಗುತ್ತದೆ. ಅಡಿಪಾಯ ದೊಡ್ಡದಾದದ್ದೇ ಪರಿಷ್ಕರಣೆಯ ದೀರ್ಘಕಾಲದ ಲಾಭ.

ಕಮ್ಯುಟೇಶನ್ ಎಂಬ ಗಂಟು

ಈಗ ಒಬ್ಬ ವಿದ್ಯಾರ್ಥಿ ಕೇಳಬಹುದು: 'ಸರ್, ನಮ್ಮ ತಾತನಿಗೂ ಕೊನೆಯ ವೇತನ 46,400 ಇತ್ತು. ಆದರೆ ಬ್ಯಾಂಕಿಗೆ 39,898 ಬರುವುದಿಲ್ಲವಲ್ಲ?' ಕಾರಣ ಹೆಚ್ಚಾಗಿ ಕಮ್ಯುಟೇಶನ್, ಅಂದರೆ ಪಿಂಚಣಿ ಪರಿವರ್ತನೆ.

ನಿವೃತ್ತರಾಗುವಾಗ ಮೂಲ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಬಿಟ್ಟುಕೊಟ್ಟು, ಅದರ ಬದಲಿಗೆ ಇಡುಗಂಟು ಪಡೆಯಬಹುದು. ಮಗಳ ಮದುವೆ, ಮನೆ ಕಟ್ಟುವುದು, ಸಾಲ ತೀರಿಸುವುದು ಹೀಗೆ ನಾನಾ ಕಾರಣಕ್ಕೆ ಬಹಳ ಮಂದಿ ಇದನ್ನು ತೆಗೆದುಕೊಂಡಿರುತ್ತಾರೆ. ಬಿಟ್ಟುಕೊಟ್ಟ ಭಾಗ 15 ವರ್ಷ ಪ್ರತಿ ತಿಂಗಳೂ ಕಡಿತವಾಗುತ್ತದೆ. ಆಮೇಲೆ ಪಿಂಚಣಿ ಪೂರ್ತಿಯಾಗುತ್ತದೆ.

ನಮ್ಮ ಉದಾಹರಣೆಯ ಶಿಕ್ಷಕರು ಮೂರನೇ ಒಂದು ಭಾಗ ಪರಿವರ್ತಿಸಿದ್ದರೆ ತಿಂಗಳ ಕಡಿತ 23,200 ÷ 3, ಅಂದರೆ ರೂ. 7,733. ಇಲ್ಲಿ ಎರಡು ನಿಯಮಗಳಿವೆ. ಒಂದು, ಪರಿಷ್ಕರಣೆಯನ್ನು ಕಡಿತಕ್ಕೆ ಮೊದಲಿನ ಪೂರ್ತಿ ಮೂಲ ಪಿಂಚಣಿಯ ಮೇಲೆ ಮಾಡಬೇಕು. ತುಟ್ಟಿಭತ್ಯೆಯೂ ಪೂರ್ತಿ ಮೂಲ ಪಿಂಚಣಿಯ ಮೇಲೆಯೇ. ಎರಡು, ಕಡಿತದ ಮೊತ್ತ ಬದಲಾಗುವುದಿಲ್ಲ. ಅಂದು ಬಿಟ್ಟುಕೊಟ್ಟದ್ದು 7,733 ರೂಪಾಯಿ. ಇಂದೂ ಅಷ್ಟನ್ನೇ ಕಳೆಯಬೇಕು.

ಆದ್ದರಿಂದ 2024ರ ಆಗಸ್ಟ್ ತಿಂಗಳಿಗೆ ಅವರ ಕೈಗೆ ಬರಬೇಕಾದ್ದು 39,898 − 7,733 = ರೂ. 32,165. ಜುಲೈನಲ್ಲಿ ಬಂದದ್ದು 37,004 − 7,733 = ರೂ. 29,271. ಹೆಚ್ಚಳ ಮತ್ತೆ ಅದೇ ರೂ. 2,894.

ತಪ್ಪು ನುಸುಳುವುದೂ ಇಲ್ಲೇ. ಕಡಿತದ ನಂತರ ಉಳಿದ ಮೂಲ ಪಿಂಚಣಿ 15,467 ಎಂದು ಹಿಡಿದು, ಅದನ್ನೇ ಶೇ. 58.50 ಏರಿಸಿದರೆ 24,515 ಬರುತ್ತದೆ. ಅದಕ್ಕೆ ಶೇ. 8.50 ಸೇರಿಸಿದರೆ ಸುಮಾರು 26,599. ಸರಿಯಾದ 32,165ಕ್ಕಿಂತ ಇದು ತಿಂಗಳಿಗೆ ರೂ. 5,566 ಕಡಿಮೆ. ಈ ತಪ್ಪನ್ನು ಗುರುತಿಸುವುದು ಸುಲಭ. ಪರಿಷ್ಕೃತ ಮೊತ್ತ ಜುಲೈನ ಮೊತ್ತಕ್ಕಿಂತ ಕಡಿಮೆ ಬಂದಿದ್ದರೆ ಎಲ್ಲೋ ಕಡಿತದ ನಂತರದ ಅಂಕಿಯನ್ನು ಬಳಸಿದ್ದಾರೆ ಎಂದು ಶಂಕಿಸಬೇಕು.

ಮೂಲ ಪಿಂಚಣಿ ಗೊತ್ತಿಲ್ಲದಿದ್ದರೆ?

ಹಲವು ಮನೆಗಳಲ್ಲಿ ಹಿರಿಯರಿಗೆ ಬ್ಯಾಂಕಿಗೆ ಬೀಳುವ ಮೊತ್ತ ಮಾತ್ರ ಗೊತ್ತಿರುತ್ತದೆ. ಪಿಂಚಣಿ ಪಾವತಿ ಆದೇಶ, ಅಂದರೆ ಪಿ.ಪಿ.ಓ. ತೆಗೆದು ನೋಡಿದರೂ ಗೊಂದಲವಾಗಬಹುದು. 2005ರಲ್ಲಿ ನಿವೃತ್ತರಾದವರ ಪಿ.ಪಿ.ಓ.ದಲ್ಲಿ ಆ ಕಾಲದ ಮೂಲ ಪಿಂಚಣಿ ಇರುತ್ತದೆ. ಆಮೇಲೆ ಬಂದ ಪರಿಷ್ಕರಣೆಗಳಲ್ಲಿ, ಕೊನೆಯದಾಗಿ 2018ರಲ್ಲಿ ಜಾರಿಯಾದ ಆರನೇ ವೇತನ ಆಯೋಗದ ಪರಿಷ್ಕರಣೆಯಲ್ಲಿ, ಅದು ಬದಲಾಗಿರುತ್ತದೆ. ಈಗಿನ ಲೆಕ್ಕಕ್ಕೆ ಬೇಕಾದದ್ದು 30-6-2022ರಂದು ಇದ್ದ ಅಂಕಿಯೇ ಹೊರತು ನಿವೃತ್ತಿಯ ದಿನದ ಅಂಕಿ ಅಲ್ಲ. ಆದರೆ ಕಮ್ಯುಟೇಶನ್ ಕಡಿತಕ್ಕೆ ಮಾತ್ರ ನಿವೃತ್ತಿಯ ಕಾಲದ ಹಳೆಯ ಅಂಕಿಯೇ ಬೇಕು.

ಪಾಸ್‌ಬುಕ್‌ನಿಂದಲೂ ಹಿಂದಕ್ಕೆ ಲೆಕ್ಕ ಹಾಕಬಹುದು. 2024ರ ಜುಲೈ ತಿಂಗಳ ಪಿಂಚಣಿಗೆ ಕಮ್ಯುಟೇಶನ್ ಕಡಿತವನ್ನು ಕೂಡಿಸಿ, 1.595ರಿಂದ ಭಾಗಿಸಿ. ಮೂಲದ ಜೊತೆ ಶೇ. 42.50 ಮತ್ತು ಶೇ. 17 ಸೇರಿದಾಗ ಒಟ್ಟು 1.595 ಪಟ್ಟು ಆಗುತ್ತದೆ. ಹಾಗಾಗಿ ಈ ಭಾಗಾಕಾರ:

(29,271 + 7,733) ÷ 1.595 = 37,004 ÷ 1.595 = 23,200

ಉತ್ತರ ಮೂಲ ಪಿಂಚಣಿಗೆ ಸರಿಹೊಂದಿತು. ಆದಾಯ ತೆರಿಗೆಯಂಥ ಬೇರೆ ಯಾವುದಾದರೂ ಕಡಿತ ಆ ತಿಂಗಳು ಆಗಿದ್ದರೆ ಅದನ್ನೂ ಮೊದಲು ಕೂಡಿಸಿಕೊಳ್ಳಬೇಕು.

ಕುಟುಂಬ ಪಿಂಚಣಿ ಮತ್ತು ಕನಿಷ್ಠ ಮಿತಿ

ಕುಟುಂಬ ಪಿಂಚಣಿಗೂ ಇದೇ ಸೂತ್ರ. ಆದರೆ ಇಲ್ಲಿ ಕನಿಷ್ಠ ಮಿತಿಯ ಮಾತು ಬರುತ್ತದೆ. ಹಿಂದಿನ ಪರಿಷ್ಕರಣೆಯಲ್ಲಿ ಕನಿಷ್ಠ ಪಿಂಚಣಿ ರೂ. 8,500 ಇತ್ತು. ಈಗ ಅದು ರೂ. 13,500. ಹೊಸ ಕನಿಷ್ಠ ಮೂಲ ವೇತನ 27,000. ಅದರ ಅರ್ಧವೇ ಈ 13,500.

ಅರಕಲಗೂಡಿನಲ್ಲಿ 'ಡಿ' ದರ್ಜೆ ನೌಕರರೊಬ್ಬರ ಪತ್ನಿಗೆ ರೂ. 8,500 ಕುಟುಂಬ ಪಿಂಚಣಿ ಬರುತ್ತಿತ್ತು ಎಂದುಕೊಳ್ಳಿ. ಸೂತ್ರದ ಪ್ರಕಾರ 8,500 + 2,635 + 2,337.50 = 13,472.50. ಇದು 13,500ಕ್ಕಿಂತ 27 ರೂಪಾಯಿ 50 ಪೈಸೆ ಕಡಿಮೆ. ಹಾಗಾಗಿ ಅವರಿಗೆ 13,500 ಎಂದೇ ನಿಗದಿಯಾಗುತ್ತದೆ. ಶೇ. 8.50 ತುಟ್ಟಿಭತ್ಯೆ ಸೇರಿ ಸುಮಾರು ರೂ. 14,648. ಜುಲೈನಲ್ಲಿ ಅವರಿಗೆ ಬರುತ್ತಿದ್ದದ್ದು ಸುಮಾರು ರೂ. 13,558. ಹೆಚ್ಚಳ ತಿಂಗಳಿಗೆ ರೂ. 1,090. ಹೊಸ ಕನಿಷ್ಠ 13,500 ಮತ್ತು ಜುಲೈನ ಒಟ್ಟು ಮೊತ್ತ 13,558 ಹತ್ತಿರ ಹತ್ತಿರ ಇರುವುದನ್ನು ಗಮನಿಸಿ. ತುಟ್ಟಿಭತ್ಯೆ ಸೇರಿಸದೆ 13,500 ಮಾತ್ರ ಜಮೆಯಾದರೆ ಅಜ್ಜಿಗೆ 'ಏನೂ ಬದಲಾಗಿಲ್ಲ' ಎನಿಸುತ್ತದೆಯೇ ಹೊರತು ಸಾವಿರ ರೂಪಾಯಿ ಬಿಟ್ಟುಹೋಗಿದೆ ಎಂದು ಹೊಳೆಯುವುದಿಲ್ಲ.

ನಡುವೆ ಸಿಕ್ಕಿಕೊಂಡವರು

1-7-2022ರಿಂದ 31-7-2024ರ ನಡುವೆ ನಿವೃತ್ತರಾದವರ ವಿಷಯ ಬೇರೆ. ಅವರ ವೇತನವನ್ನು ಮೊದಲು ಹೊಸ ಶ್ರೇಣಿಯಲ್ಲಿ ಕಾಲ್ಪನಿಕವಾಗಿ ನಿಗದಿಪಡಿಸಿ, ಅದರ ಮೇಲೆ ಪಿಂಚಣಿ ಲೆಕ್ಕ ಹಾಕುತ್ತಾರೆ. 1-8-2024ರಿಂದ ತಿಂಗಳ ಪಿಂಚಣಿ ಸರಿಹೋಗುತ್ತದೆ. ಆದರೆ ನಿವೃತ್ತಿಯ ಸಮಯದಲ್ಲಿ ಒಮ್ಮೆ ಮಾತ್ರ ಸಿಗುವ ಉಪದಾನ, ಗಳಿಕೆ ರಜೆ ನಗದೀಕರಣ, ಕಮ್ಯುಟೇಶನ್ ಇಡುಗಂಟು ಇವೆಲ್ಲ ಹಳೆಯ ವೇತನದ ಮೇಲೆಯೇ ಉಳಿದವು.

ಇದರ ಪರಿಣಾಮ ಎಷ್ಟು? ಕೊನೆಯ ಮೂಲ ವೇತನ 46,400 ಇದ್ದು, 31-7-2022ರಂದು ನಿವೃತ್ತರಾದ ಒಬ್ಬರು 300 ದಿನಗಳ ಗಳಿಕೆ ರಜೆ ಉಳಿಸಿಕೊಂಡಿದ್ದರು ಎಂದಿಟ್ಟುಕೊಳ್ಳೋಣ. 300 ದಿನ ಎಂದರೆ 10 ತಿಂಗಳ ವೇತನ. ಹಳೆಯ ವೇತನಕ್ಕೆ ಶೇ. 31 ತುಟ್ಟಿಭತ್ಯೆ ಸೇರಿ ತಿಂಗಳಿಗೆ 60,784. ಹೊಸ ವೇತನ, ಶ್ರೇಣಿಯ ಹಂತಕ್ಕೆ ಹೊಂದಿಸುವ ಮೊದಲು, 73,544. ತಿಂಗಳಿಗೆ 12,760ರ ವ್ಯತ್ಯಾಸ, ಅಂದರೆ ಸರಿಯಾಗಿ ಆ ಶೇ. 27.50 ಫಿಟ್‌ಮೆಂಟ್. ಹತ್ತು ತಿಂಗಳಿಗೆ ರೂ. 1,27,600. ಉಪದಾನದಲ್ಲೂ ಇದೇ ರೀತಿಯ ಅಂತರವಿದೆ. ಕಮ್ಯುಟೇಶನ್ ಮಾತ್ರ ಸ್ವಲ್ಪ ಭಿನ್ನ. ಅಲ್ಲಿ ಇಡುಗಂಟು ಕಡಿಮೆಯಾದರೂ ತಿಂಗಳ ಕಡಿತವೂ ಕಡಿಮೆಯೇ ಇರುತ್ತದೆ, ಹಾಗಾಗಿ ಅದು ಪೂರ್ತಿ ನಷ್ಟವಲ್ಲ.

ಈ ಅವಧಿಯಲ್ಲಿ ನಿವೃತ್ತರಾದವರು ಮನವಿ ಸಲ್ಲಿಸಿ, ಧರಣಿ ನಡೆಸಿ ಕೇಳಿದ್ದು ಈ ಅಂತರವನ್ನೇ. ಅವರ ವಾದ: ವೇತನ 1-7-2022ರಿಂದ ಪರಿಷ್ಕೃತವಾಗಿದೆ ಎಂದು ಆದೇಶವೇ ಒಪ್ಪುವಾಗ, ಆ ವೇತನದ ಮೇಲೆ ನಿಂತ ಉಪದಾನ ಹಳೆಯದಾಗಿರುವುದು ಹೇಗೆ? ಸರ್ಕಾರದ ನಿಲುವು: ಆರ್ಥಿಕ ಸೌಲಭ್ಯ 1-8-2024ರಿಂದ ಮಾತ್ರ, ಅದಕ್ಕೆ ಹಿಂದೆ ಸಂದಾಯವಾದದ್ದು ಆಗಿನ ದರದಲ್ಲಿ ಮುಗಿದಿದೆ. 'ಕಾಲ್ಪನಿಕ' ಎಂಬ ಒಂದೇ ಪದದ ಮೇಲೆ ಒಂದು ಲಕ್ಷಕ್ಕೂ ಮೀರಿದ ಹಣ ನಿಂತಿದೆ ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕು.

ವ್ಯತ್ಯಾಸ ಕಂಡರೆ ಎಲ್ಲಿಗೆ ಹೋಗಬೇಕು?

1-7-2022ಕ್ಕಿಂತ ಮೊದಲು ನಿವೃತ್ತರಾದವರ ಪರಿಷ್ಕರಣೆಯನ್ನು ಪಿಂಚಣಿ ಪಾವತಿಸುವ ಖಜಾನೆ ಅಥವಾ ಬ್ಯಾಂಕೇ ಮಾಡುತ್ತದೆ. ಹಾಸನದವರು ಜಿಲ್ಲಾ ಖಜಾನೆಯಲ್ಲಿ, ಉಳಿದ ತಾಲ್ಲೂಕುಗಳವರು ತಮ್ಮ ಉಪಖಜಾನೆಯಲ್ಲಿ ಅಥವಾ ಪಿಂಚಣಿ ಪಡೆಯುವ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಬೇಕು. ಅದರ ನಂತರ ನಿವೃತ್ತರಾದವರ ವೇತನ ಮರುನಿಗದಿ ಆಗಬೇಕಾಗಿರುವುದರಿಂದ, ಅವರು ಕೊನೆಯದಾಗಿ ಕೆಲಸ ಮಾಡಿದ ಕಚೇರಿಯಿಂದ ಪ್ರಸ್ತಾವನೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಬೇಕು. ಇಂಥವರು ಬ್ಯಾಂಕಿಗೆ ಅಲೆದರೆ ಪ್ರಯೋಜನವಿಲ್ಲ. ಮೊದಲು ಹಳೆಯ ಕಚೇರಿಯಲ್ಲಿ ತಮ್ಮ ಕಡತ ಹೊರಟಿದೆಯೇ ಎಂದು ಕೇಳಬೇಕು.

ಹೋಗುವಾಗ ಪಿ.ಪಿ.ಓ. ಪ್ರತಿ, 2024ರ ಜುಲೈ ಮತ್ತು ಆಗಸ್ಟ್ ತಿಂಗಳ ಜಮೆ ಕಾಣುವ ಪಾಸ್‌ಬುಕ್, ಮತ್ತು ಮೇಲಿನ ರೀತಿಯಲ್ಲಿ ಬರೆದ ಒಂದು ಪುಟದ ಲೆಕ್ಕ ಕೈಯಲ್ಲಿರಲಿ. 'ಕಡಿಮೆ ಬಂದಿದೆ' ಎನ್ನುವುದಕ್ಕಿಂತ 'ಮೂಲ ಪಿಂಚಣಿ 23,200ರ ಬದಲು 15,467 ಹಿಡಿದಿದ್ದೀರಿ' ಎಂದು ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಇನ್ನೊಂದು ಮಾತು. 1-4-2006 ಮತ್ತು ಅದರ ನಂತರ ಸೇವೆಗೆ ಸೇರಿ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಒಳಪಟ್ಟವರಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ಅವರ ಪಿಂಚಣಿ ನಿಂತಿರುವುದು ಅವರ ಖಾತೆಯಲ್ಲಿ ಕೂಡಿದ ಹಣದ ಮೇಲೆ, ಕೊನೆಯ ವೇತನದ ಅರ್ಧದ ಮೇಲೆ ಅಲ್ಲ.

ನೀವೇ ಮಾಡಿ ನೋಡಿ

ಹೊಳೆನರಸೀಪುರದ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿಯ ಕೊನೆಯ ಮೂಲ ವೇತನ 36,000. 2019ರಲ್ಲಿ ಪೂರ್ಣ ಸೇವೆಯೊಂದಿಗೆ ನಿವೃತ್ತಿ. ಮೂಲ ಪಿಂಚಣಿಯ ಮೂರನೇ ಒಂದು ಭಾಗ ಪರಿವರ್ತನೆಯಾಗಿದೆ. (1) ಹೊಸ ಮೂಲ ಪಿಂಚಣಿ ಎಷ್ಟು? (2) ಶೇ. 8.50 ತುಟ್ಟಿಭತ್ಯೆಯೊಂದಿಗೆ 2024ರ ಆಗಸ್ಟ್ ತಿಂಗಳಿಗೆ ಕೈಗೆ ಬರಬೇಕಾದ್ದು ಎಷ್ಟು? (3) ಜುಲೈಗಿಂತ ಎಷ್ಟು ಹೆಚ್ಚು?

ಉತ್ತರ: (1) ರೂ. 28,530. (2) ಒಟ್ಟು 30,955ರಲ್ಲಿ ಕಡಿತ 6,000 ಹೋಗಿ ರೂ. 24,955. (3) ಜುಲೈನಲ್ಲಿ ಕೈಗೆ ಬಂದದ್ದು ರೂ. 22,710. ಆದ್ದರಿಂದ ಹೆಚ್ಚಳ ರೂ. 2,245.

ಉತ್ತರ ಸರಿ ಬಂದವರು ಮುಂದಿನ ಲೆಕ್ಕವನ್ನು ಮನೆಯ ಪಾಸ್‌ಬುಕ್‌ನಿಂದಲೇ ಮಾಡಿ.